ಬಸ್ ತಂಗುದಾಣದ ಈ ಫಲಕಗಳು ಇಳಿಯಬೇಕು

ಖಾಸಗಿ ಆಸ್ಪತ್ರೆಗಳ ಫುಲ್ ಬಾಡಿ ಚೆಕಪ್ ಜಾಹೀರಾತು ಫಲಕಗಳು ಬೆಂಗಳೂರಿನ ಬಸ್ ತಂಗುದಾಣಗಳಿಂದ ಇಳಿಯಬೇಕು. ಅಕ್ಷರ ತಿದ್ದಿ, ಬಣ್ಣ ಬದಲಿಸಿ ಮತ್ತೆ ಅಂಟಿಸುವುದರಿಂದ ಪ್ರಯೋಜನವಿಲ್ಲ. ಈಗ ಇರುವ ರೂಪದಲ್ಲಿ ಅವು ಸಾರ್ವಜನಿಕ ಸ್ಥಳದಲ್ಲಿ ಇರಲು ಯೋಗ್ಯವಲ್ಲ ಎಂಬುದು ನಮ್ಮ ಸ್ಪಷ್ಟ ನಿಲುವು.

ಈ ಫಲಕಗಳ ಅಚ್ಚು ಬಹುತೇಕ ಒಂದೇ. ಬೆಂಚಿನ ಹಿಂದೆ, ಒಳಗಿನಿಂದ ದೀಪ ಉರಿಯುವ ಚೌಕಟ್ಟಿನಲ್ಲಿ ಬಿಳಿ ಕೋಟಿನ ವೈದ್ಯರೊಬ್ಬರು ಕೈಕಟ್ಟಿ ನಿಂತಿರುತ್ತಾರೆ. ಪಕ್ಕದಲ್ಲಿ ನಾಲ್ಕು ಸಾಲು: ‘ಕಾಯಿಲೆ ಹೇಳಿ ಬರುವುದಿಲ್ಲ’, ‘ಫುಲ್ ಬಾಡಿ ಚೆಕಪ್, 90 ಪರೀಕ್ಷೆಗಳು’, ‘ಕ್ಯಾನ್ಸರ್ ಪತ್ತೆಯೂ ಸೇರಿದೆ’, ‘₹8,000ದ ಪ್ಯಾಕೇಜ್ ಈಗ ಕೇವಲ ₹1,999’. ಮೊಣಕಾಲಿನ ಎತ್ತರದಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಷರತ್ತುಗಳು. ಆಸ್ಪತ್ರೆಯ ಹೆಸರು ಬೇರೆಯಾಗಬಹುದು, ಅಂಕಿ ಹೆಚ್ಚುಕಡಿಮೆ ಆಗಬಹುದು, ಸಾಲುಗಳ ಧಾಟಿ ಮಾತ್ರ ಬದಲಾಗುವುದಿಲ್ಲ.

ಮೊದಲು ಆ ತೊಂಬತ್ತರ ಲೆಕ್ಕವನ್ನು ನೋಡೋಣ. ಓದುವವರಿಗೆ ಅದು ತೊಂಬತ್ತು ಬಗೆಯ ತಪಾಸಣೆ ಎಂದು ಕೇಳಿಸುತ್ತದೆ. ಪ್ಯಾಕೇಜ್ ಮಾಡಿಸಿಕೊಂಡವರ ಕೈಯಲ್ಲಿರುವ ರಿಪೋರ್ಟ್ ಬಿಡಿಸಿ ನೋಡಿದರೆ ಲೆಕ್ಕ ಕಟ್ಟಿದ ಬಗೆ ಗೊತ್ತಾಗುತ್ತದೆ. ತೋಳಿನಿಂದ ಮೂರ್ನಾಲ್ಕು ಟ್ಯೂಬ್ ರಕ್ತ, ಒಂದು ಡಬ್ಬಿ ಮೂತ್ರ. ಸಾಮಾನ್ಯವಾಗಿ ಅಷ್ಟರಿಂದಲೇ ತೊಂಬತ್ತೂ ಹೊರಡುತ್ತವೆ. ರಕ್ತಕಣಗಳ ಎಣಿಕೆ, ಅಂದರೆ ಎಲ್ಲರೂ ಸಿಬಿಸಿ ಎನ್ನುವ ಪರೀಕ್ಷೆಯನ್ನು ಯಂತ್ರ ಒಂದೇ ಸಲಕ್ಕೆ ಮುಗಿಸುತ್ತದೆ. ಹಿಮೋಗ್ಲೋಬಿನ್, ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್, ಕೆಂಪು ಕಣದ ಸರಾಸರಿ ಗಾತ್ರ, ಐದು ಬಗೆಯ ಬಿಳಿ ಕಣಗಳ ಶೇಕಡಾವಾರು, ಅದೇ ಐದರ ನೇರ ಸಂಖ್ಯೆ, ಹೀಗೆ ಇಪ್ಪತ್ತಕ್ಕೂ ಹೆಚ್ಚು ಸಾಲು ಅದೊಂದೇ ಟ್ಯೂಬಿನಿಂದ ಬರುತ್ತವೆ. ಪ್ರತಿ ಸಾಲನ್ನೂ ಫಲಕ ಒಂದು ಪರೀಕ್ಷೆ ಎಂದು ಎಣಿಸುತ್ತದೆ.

ಇನ್ನೂ ಮುಂದೆ ಹೋದರೆ ಅಳೆಯದೇ ಇರುವುದನ್ನೂ ಎಣಿಸಿರುವುದು ಕಾಣುತ್ತದೆ. ಕೊಲೆಸ್ಟರಾಲ್ ವಿಭಾಗದಲ್ಲಿ ಯಂತ್ರ ಅಳೆಯುವುದು ಮೂರ್ನಾಲ್ಕು ಅಂಶಗಳನ್ನು ಮಾತ್ರ. ವಿಎಲ್‌ಡಿಎಲ್ ಎಂದು ಬರೆದಿರುವುದು ಸಾಮಾನ್ಯವಾಗಿ ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿ ಬಂದ ಸಂಖ್ಯೆ. ಅದರ ಕೆಳಗಿನ ಅನುಪಾತಗಳು ಒಂದು ಸಂಖ್ಯೆಯನ್ನು ಇನ್ನೊಂದರಿಂದ ಭಾಗಿಸಿದ್ದು. ಯಕೃತ್ತಿನ ವಿಭಾಗದ ಇನ್‌ಡೈರೆಕ್ಟ್ ಬಿಲಿರುಬಿನ್ ಮತ್ತು ಗ್ಲಾಬ್ಯುಲಿನ್ ಎರಡೂ ಕಳೆಯುವ ಲೆಕ್ಕದಿಂದ ಬಂದವು. ಮೂರು ತಿಂಗಳ ಸರಾಸರಿ ಸಕ್ಕರೆ ಎಂಬ ಸಾಲು ಅದರ ಮೇಲಿನ ಎಚ್‌ಬಿಎ1ಸಿಯನ್ನೇ ಸೂತ್ರಕ್ಕೆ ಹಾಕಿ ತೆಗೆದದ್ದು. ಮೂತ್ರದ ಬಣ್ಣ ಒಂದು ಪರೀಕ್ಷೆ, ಅದು ತಿಳಿಯಾಗಿದೆಯೋ ಕದಡಿದೆಯೋ ಎಂಬುದು ಇನ್ನೊಂದು. ಒಟ್ಟಿನಲ್ಲಿ ವೈದ್ಯರು ಚೀಟಿಯಲ್ಲಿ ಎಂಟು ಹತ್ತು ಹೆಸರು ಬರೆದು ಕಳಿಸುವ ಕೆಲಸ ಫಲಕದ ಮೇಲೆ ತೊಂಬತ್ತಾಗಿದೆ. ಈ ಎಣಿಕೆ ಪ್ರಯೋಗಾಲಯದ ಕಂಪ್ಯೂಟರಿಗೆ ಸರಿಯಿರಬಹುದು. ಬಸ್ಸಿಗೆ ಕಾಯುತ್ತಿರುವ ಗಾರ್ಮೆಂಟ್ಸ್ ಕಾರ್ಮಿಕಳ ಮುಂದೆ ಇಟ್ಟಾಗ ಅದು ಮೋಸ.

ತೊಂಬತ್ತು ಎಂಬುದು ಬರೀ ಉಬ್ಬಿಸಿದ ಅಂಕಿಯಾಗಿದ್ದರೆ ನಷ್ಟ ಹಣದ್ದು ಮಾತ್ರ ಎನ್ನಬಹುದಿತ್ತು. ಆದರೆ ಸಾಲುಗಳು ಹೆಚ್ಚಿದಷ್ಟೂ ಆರೋಗ್ಯವಂತರು ರೋಗಿಗಳಂತೆ ಕಾಣುವ ಸಾಧ್ಯತೆ ಹೆಚ್ಚುತ್ತದೆ. ರಿಪೋರ್ಟಿನ ಬಲಬದಿಯಲ್ಲಿ ನಾರ್ಮಲ್ ಎಂದು ಕೊಟ್ಟಿರುವ ಮಿತಿಯನ್ನು ಹಾಕುವ ವಾಡಿಕೆ ಹೀಗಿದೆ: ಆರೋಗ್ಯವಂತರ ಒಂದು ಗುಂಪನ್ನು ಪರೀಕ್ಷಿಸಿ, ನಡುವಿನ ನೂರಕ್ಕೆ ತೊಂಬತ್ತೈದು ಜನರ ಅಂಕಿಗಳನ್ನು ಮಿತಿಯೊಳಗೆ ಇಟ್ಟುಕೊಳ್ಳುತ್ತಾರೆ. ಎರಡು ತುದಿಯ ಐದು ಮಂದಿ ಯಾವ ಕಾಯಿಲೆಯೂ ಇಲ್ಲದೆ ಮಿತಿಯ ಹೊರಗೆ ಉಳಿಯುತ್ತಾರೆ. ಒಂದೇ ಪರೀಕ್ಷೆಯಾದರೆ ಇದು ಸಣ್ಣ ವಿಷಯ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿದರೆ ಪೂರ್ಣ ಆರೋಗ್ಯವಂತರಲ್ಲಿ ನೂರಕ್ಕೆ 64 ಮಂದಿಗೆ ಕನಿಷ್ಠ ಒಂದಾದರೂ ಮಿತಿ ಮೀರಿ ಬರುತ್ತದೆ. ನಲವತ್ತಾದರೆ 87 ಮಂದಿಗೆ. ನಿಜವಾದ ರಿಪೋರ್ಟಿನಲ್ಲಿ ಹಲವು ಸಾಲುಗಳು ಒಂದಕ್ಕೊಂದು ಹೊಂದಿಕೊಂಡೇ ಏರಿಳಿಯುವುದರಿಂದ ಈ ಸಂಖ್ಯೆ ಸ್ವಲ್ಪ ತಗ್ಗುತ್ತದೆ. ಆದರೂ ತೊಂಬತ್ತು ಸಾಲಿನ ರಿಪೋರ್ಟು ದಪ್ಪ ಅಕ್ಷರದ ಒಂದೆರಡು ಗುರುತಿಲ್ಲದೆ ಮನೆಗೆ ಬರುವುದು ಅಪರೂಪ. ಆ ಗುರುತು ಕಂಡ ಮೇಲೆ ಮುಂದಿನ ಹೆಜ್ಜೆ ಆಸ್ಪತ್ರೆಯ ಕಡೆಗೇ. ‘ರಿಪೋರ್ಟ್ ತೋರಿಸಲು ವೈದ್ಯರ ಭೇಟಿ ಉಚಿತ’ ಎಂಬ ಸಾಲು ಕೆಲವು ಫಲಕಗಳಲ್ಲಿ ಇರುವುದಕ್ಕೆ ಕಾರಣ ಇಲ್ಲಿದೆ.

ಫಲಕದ ನಾಲ್ಕು ಸಾಲುಗಳಲ್ಲಿ ಅತಿ ಅಪಾಯದ್ದು ಕ್ಯಾನ್ಸರಿನ ಸಾಲು. ಹೆಂಗಸರ ಪ್ಯಾಕೇಜುಗಳಲ್ಲಿ ಇದರ ಅರ್ಥ ಸಾಮಾನ್ಯವಾಗಿ ಸಿಎ-125 ಎಂಬ ಒಂದು ರಕ್ತಪರೀಕ್ಷೆ. ಅಂಡಾಶಯದ ಕ್ಯಾನ್ಸರ್ ಇದ್ದವರಲ್ಲಿ ಈ ಅಂಶ ಏರುತ್ತದೆ ನಿಜ. ಮುಟ್ಟಿನ ದಿನಗಳಲ್ಲಿಯೂ ಏರುತ್ತದೆ, ಬಸುರಿಯರಲ್ಲಿಯೂ ಏರುತ್ತದೆ, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದ್ದರೂ ಏರುತ್ತದೆ. ಚಿಕಿತ್ಸೆ ಪಡೆಯುತ್ತಿರುವ ರೋಗಿಯಲ್ಲಿ ಔಷಧ ಕೆಲಸ ಮಾಡುತ್ತಿದೆಯೇ ಎಂದು ನೋಡಲು ವೈದ್ಯರು ಇದನ್ನು ಬಳಸುತ್ತಾರೆ, ಅಲ್ಲಿ ಅದು ಬಹಳ ಉಪಯುಕ್ತ. ಯಾವ ತೊಂದರೆಯೂ ಇಲ್ಲದ ಹೆಂಗಸಿನಲ್ಲಿ ಕ್ಯಾನ್ಸರ್ ಹುಡುಕಲು ಇದನ್ನು ಬಳಸಿದರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕ ಕಷ್ಟವಲ್ಲ. 2,500 ಹೆಂಗಸರು ಪ್ಯಾಕೇಜ್ ಮಾಡಿಸಿದರು, ಅವರಲ್ಲಿ ಒಬ್ಬರಿಗೆ ನಿಜವಾಗಿ ಆ ಕ್ಯಾನ್ಸರ್ ಇದೆ ಎಂದುಕೊಳ್ಳಿ. ಉಳಿದವರಲ್ಲಿ ನೂರಕ್ಕೆ ಇಬ್ಬರಿಗೆ ಮಾತ್ರ ಬೇರೆ ಕಾರಣಕ್ಕೆ ಅಂಕಿ ಮಿತಿ ಮೀರಿತು ಎಂದು ಉದಾರವಾಗಿಯೇ ಹಿಡಿಯೋಣ. ಆಗಲೂ ಐವತ್ತು ಆರೋಗ್ಯವಂತ ಹೆಂಗಸರ ಮನೆಗೆ ಕ್ಯಾನ್ಸರ್ ಎಂಬ ಮಾತು ಹೋಗುತ್ತದೆ. ಆ ಒಬ್ಬರ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದರೆ ಅಂಕಿ ಏರದೆಯೇ ಇರಬಹುದು, ಆಗ ಅವರಿಗೆ ಸಿಗುವುದು ನಾರ್ಮಲ್ ಎಂಬ ರಿಪೋರ್ಟು.

ಆ ಐವತ್ತು ಮಂದಿಯಲ್ಲಿ ಒಬ್ಬರ ಹಾದಿಯನ್ನು ಹಿಡಿದು ನೋಡಿ. ನಲವತ್ತೈದರ ಹೆಂಗಸು, ಕೆಲಸಕ್ಕೆ ಹೋಗುವವರು, ಮಗಳು ಒತ್ತಾಯಿಸಿ ಚೆಕಪ್ ಮಾಡಿಸಿದ್ದಾಳೆ. ಮಿತಿ 35, ಇವರ ಅಂಕಿ 48. ಮೊದಲು ಹೊಟ್ಟೆಯ ಸ್ಕ್ಯಾನಿಂಗ್. ಅದರಲ್ಲಿ ಅಂಡಾಶಯದ ಹತ್ತಿರ ಒಂದು ಸಣ್ಣ ನೀರುಗುಳ್ಳೆ ಕಾಣುತ್ತದೆ. ಆ ವಯಸ್ಸಿನವರಲ್ಲಿ ಅದು ಸಾಮಾನ್ಯ, ಎರಡು ಮೂರು ತಿಂಗಳಲ್ಲಿ ತಾನೇ ಕರಗಿಹೋಗುವುದೂ ಉಂಟು. ಆದರೆ ಅಂಕಿಯೂ ಗುಳ್ಳೆಯೂ ಒಟ್ಟಿಗೆ ಕಂಡ ಮೇಲೆ ಕಾಯೋಣ ಎನ್ನುವ ಧೈರ್ಯ ಮನೆಯವರಿಗೆ ಇರುವುದಿಲ್ಲ, ವೈದ್ಯರಿಗೂ ಕಷ್ಟ. ಸಿಟಿ ಅಥವಾ ಎಂಆರ್‌ಐ ಆಗುತ್ತದೆ. ಅದರಲ್ಲೂ ಖಚಿತವಾಗದಿದ್ದರೆ ‘ಯಾವುದಕ್ಕೂ ತೆಗೆದುಬಿಡೋಣ’ ಎಂಬ ಮಾತು ಬರುತ್ತದೆ. ₹1,999ರಲ್ಲಿ ಶುರುವಾದದ್ದು ಶಸ್ತ್ರಚಿಕಿತ್ಸೆಯ ಬಿಲ್ಲಿನಲ್ಲಿ ಮುಗಿಯುತ್ತದೆ. ಕೊನೆಗೆ ಕ್ಯಾನ್ಸರ್ ಇಲ್ಲವೆಂದು ಗೊತ್ತಾದಾಗ ಆ ಕುಟುಂಬ ದೇವರಿಗೂ ಆಸ್ಪತ್ರೆಗೂ ಕೈಮುಗಿಯುತ್ತದೆ. ಅನಗತ್ಯವಾಗಿ ಅನುಭವಿಸಿದ್ದು ಎಂದು ಅವರಿಗೆ ಯಾರೂ ಹೇಳುವುದಿಲ್ಲ.

ಇದು ಊಹೆಯ ಮಾತಲ್ಲ. ಅಮೆರಿಕದಲ್ಲಿ 78,216 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪ್ರತಿವರ್ಷ ಸಿಎ-125 ಮತ್ತು ಸ್ಕ್ಯಾನಿಂಗ್ ಮಾಡಿ, ಇನ್ನೊಂದಕ್ಕೆ ಮಾಮೂಲಿ ಆರೈಕೆಯನ್ನಷ್ಟೇ ಕೊಟ್ಟು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಅಂಡಾಶಯದ ಕ್ಯಾನ್ಸರಿನಿಂದ ಸತ್ತವರ ಸಂಖ್ಯೆ ಪರೀಕ್ಷೆಯಾದ ಗುಂಪಿನಲ್ಲಿ ಕಡಿಮೆಯಾಗಲಿಲ್ಲ. 3,285 ಹೆಂಗಸರಿಗೆ ಇಲ್ಲದ ಕ್ಯಾನ್ಸರಿನ ಶಂಕೆ ಬಂತು, ಅವರಲ್ಲಿ 1,080 ಮಂದಿ ಶಸ್ತ್ರಚಿಕಿತ್ಸೆಗೆ ಒಳಗಾದರು, ಅವರ ಪೈಕಿ ನೂರಕ್ಕೆ ಹದಿನೈದು ಮಂದಿ ಗಂಭೀರ ತೊಡಕು ಅನುಭವಿಸಿದರು. ಬ್ರಿಟನ್ನಿನ ಇನ್ನೂ ದೊಡ್ಡ ಅಧ್ಯಯನದ ಅಂತಿಮ ಫಲಿತಾಂಶ 2021ರಲ್ಲಿ ಬಂತು. ಅಲ್ಲಿಯೂ ಜೀವ ಉಳಿದದ್ದು ಕಾಣಲಿಲ್ಲ. ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಅವರದೇ ಸಂಸ್ಥೆಯ ಹೆಸರಿನಲ್ಲಿ ಬಸ್ ತಂಗುದಾಣದಲ್ಲಿ ಈ ಸಾಲು ಹೊಳೆಯುತ್ತಿರುವಾಗ ಅವರು ಸುಮ್ಮನಿರುವುದನ್ನು ನಾವು ಕ್ಷಮಿಸಲಾರೆವು.

ಇಡೀ ದೇಶವೇ ಈ ಹಾದಿ ಹಿಡಿದದ್ದೂ ಉಂಟು. ದಕ್ಷಿಣ ಕೊರಿಯಾದಲ್ಲಿ ಸರ್ಕಾರಿ ಕ್ಯಾನ್ಸರ್ ತಪಾಸಣೆಗೆ ಬಂದವರಿಗೆ ಆಸ್ಪತ್ರೆಗಳು ಸ್ವಲ್ಪ ಹಣ ಸೇರಿಸಿದರೆ ಕುತ್ತಿಗೆಯ ಥೈರಾಯ್ಡ್ ಸ್ಕ್ಯಾನಿಂಗೂ ಮಾಡಿಕೊಡುತ್ತೇವೆ ಎಂದವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರ ಹದಿನೈದು ಪಟ್ಟಾಯಿತು. ಆ ಒಂದೇ ವರ್ಷ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಕ್ಯಾನ್ಸರ್ ಇದೆ ಎಂದು ಹೇಳಲಾಯಿತು. ಆ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಮಾತ್ರ ಮೊದಲಿದ್ದಷ್ಟೇ ಇತ್ತು. ಜೀವಮಾನವಿಡೀ ತೊಂದರೆ ಕೊಡದೆ ಇರಬಹುದಾಗಿದ್ದ ಚಿಕ್ಕ ಗಂಟುಗಳನ್ನು ಹುಡುಕಿ ತೆಗೆದು ಗ್ರಂಥಿಯನ್ನೇ ಕಳೆದುಕೊಂಡವರು ಬದುಕಿಡೀ ಮಾತ್ರೆ ನುಂಗಬೇಕಾಯಿತು, ಕೆಲವರ ಧ್ವನಿತಂತುಗಳು ನಿಷ್ಕ್ರಿಯವಾದವು. 2014ರಲ್ಲಿ ಅಲ್ಲಿನ ವೈದ್ಯರೇ ಒಟ್ಟಾಗಿ ಬಹಿರಂಗವಾಗಿ ಎಚ್ಚರಿಸಿದ ಮೇಲೆ ಒಂದೇ ವರ್ಷದಲ್ಲಿ ಶಸ್ತ್ರಚಿಕಿತ್ಸೆಗಳು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿದವು. ನಮ್ಮ ವೈದ್ಯರಿಂದ ನಾವು ಕೇಳುತ್ತಿರುವುದು ಆ ಧೈರ್ಯವನ್ನೇ.

ಫುಲ್ ಬಾಡಿ ಎಂಬ ಭರವಸೆಯಾದರೂ ನಿಜವೇ? ಕರ್ನಾಟಕದಲ್ಲಿ ಗುಟ್ಕಾ, ಕಡ್ಡಿಪುಡಿ, ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವವರು ಎಷ್ಟು ಮಂದಿ ಎಂದು ಇದೇ ತಂಗುದಾಣದ ಕಂಬಗಳ ಬುಡ ನೋಡಿದರೆ ತಿಳಿಯುತ್ತದೆ. ಅವರ ಬಾಯಿಯ ಕ್ಯಾನ್ಸರ್ ಬಿಳಿ ಅಥವಾ ಕೆಂಪು ಮಚ್ಚೆಯಾಗಿ, ವಾಸಿಯಾಗದ ಹುಣ್ಣಾಗಿ, ಬಾಯಿ ಪೂರ್ತಿ ತೆರೆಯಲಾಗದ ಬಿಗಿತವಾಗಿ ಮೊದಲೇ ಸುಳಿವು ಕೊಡುತ್ತದೆ. ಅದನ್ನು ಕಾಣಲು ಬೇಕಿರುವುದು ಒಂದು ಟಾರ್ಚು, ಎರಡು ನಿಮಿಷ, ನೋಡುವ ಮನಸ್ಸು. ತೊಂಬತ್ತು ಸಾಲಿನ ರಕ್ತ ಮೂತ್ರದ ರಿಪೋರ್ಟಿನಲ್ಲಿ ಇದರ ಸುಳಿವೇ ಇರುವುದಿಲ್ಲ. ಗರ್ಭಕೊರಳಿನ ಕ್ಯಾನ್ಸರೂ ಹಾಗೆಯೇ, ನೇರ ಪರೀಕ್ಷೆ ಬೇಕು, ತೋಳಿನ ರಕ್ತದಲ್ಲಿ ಸಿಗುವುದಿಲ್ಲ. ಹೃದಯದ ವಿಷಯಕ್ಕೆ ಬಂದರೆ, ಮಲಗಿಸಿ ತೆಗೆದ ಇಸಿಜಿ ಸರಿಯಿದ್ದ ಮಾತ್ರಕ್ಕೆ ರಕ್ತನಾಳ ಕಟ್ಟಿಲ್ಲ ಎನ್ನಲಾಗದು. ಹೀಗಿರುವಾಗ ಇಡೀ ದೇಹ ನೋಡಿಯಾಯಿತು ಎಂಬ ನೆಮ್ಮದಿಯನ್ನು ಮಾರುವುದರ ಪರಿಣಾಮ ಏನು? ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾದವರು, ಬಾಯಿಯಲ್ಲಿ ಹುಣ್ಣು ಮಾಯದವರು, ‘ಹೋದ ತಿಂಗಳು ತಾನೇ ಎಲ್ಲಾ ಮಾಡಿಸಿದ್ದೀನಲ್ಲ, ಎಲ್ಲಾ ನಾರ್ಮಲ್’ ಎಂದು ವೈದ್ಯರ ಬಳಿ ಹೋಗುವುದನ್ನು ಮುಂದೂಡುತ್ತಾರೆ.

ಬೆಲೆಯ ಸಾಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೊಡೆದುಹಾಕಿದ ₹8,000 ಎಲ್ಲ ಸಾಲುಗಳನ್ನೂ ಬಿಡಿಬಿಡಿಯಾಗಿ ಬೆಲೆ ಕಟ್ಟಿ ಕೂಡಿಸಿದ ಮೊತ್ತ. ಆ ತೊಂಬತ್ತನ್ನೂ ಬಿಡಿಯಾಗಿ ಕೊಂಡವರು ಯಾರು? ಯಾರೂ ತೆರದ ಬೆಲೆಯನ್ನು ಅಡ್ಡಗೆರೆ ಎಳೆದು ತೋರಿಸುವುದು ರಿಯಾಯಿತಿ ಅಲ್ಲ.

ಈಗ ಮೊದಲ ಸಾಲು, ಕಾಯಿಲೆ ಹೇಳಿ ಬರುವುದಿಲ್ಲ ಎಂಬುದು. ಅದರಲ್ಲಿ ಸತ್ಯದ ಅಂಶವಿದೆ. ಬಿಪಿ ಮತ್ತು ಸಕ್ಕರೆ ಕಾಯಿಲೆ ನಿಜಕ್ಕೂ ಸದ್ದಿಲ್ಲದೆ ಬರುತ್ತವೆ, ಬೇಗ ತಿಳಿದರೆ ಚಿಕಿತ್ಸೆಯಿಂದ ಮೂತ್ರಪಿಂಡ, ಕಣ್ಣು, ಹೃದಯ ಉಳಿಯುತ್ತವೆ. ಆದ್ದರಿಂದಲೇ ಮೂವತ್ತು ದಾಟಿದ ಎಲ್ಲರಿಗೂ ಬಿಪಿ, ಸಕ್ಕರೆ ಮತ್ತು ಬಾಯಿಯ ತಪಾಸಣೆ, ಹೆಂಗಸರಿಗೆ ಸ್ತನ ಮತ್ತು ಗರ್ಭಕೊರಳಿನ ತಪಾಸಣೆ ಎಂದು ಸರ್ಕಾರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮ ಗೊತ್ತುಪಡಿಸಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಬೆಂಗಳೂರಿನ ವಾರ್ಡುಗಳ ನಮ್ಮ ಕ್ಲಿನಿಕ್‌ಗಳಲ್ಲಿ ಬಿಪಿ, ಸಕ್ಕರೆಯನ್ನು ದುಡ್ಡಿಲ್ಲದೆ ನೋಡುತ್ತಾರೆ. ಪಟ್ಟಿ ಎಷ್ಟು ಚಿಕ್ಕದು ಎಂಬುದನ್ನು ಗಮನಿಸಬೇಕು. ಹುಡುಕಿದರೆ ಉಪಕಾರವಾಗುತ್ತದೆ ಎಂದು ಗೊತ್ತಿರುವುದನ್ನು ಮಾತ್ರ ಅದರಲ್ಲಿ ಇಡಲಾಗಿದೆ. ಇದಕ್ಕೆ ವಿರುದ್ಧವಾಗಿ, ತೊಂದರೆಯಿಲ್ಲದವರಿಗೆ ಎಲ್ಲವನ್ನೂ ಒಟ್ಟಿಗೆ ನೋಡುವ ಸಾಮಾನ್ಯ ತಪಾಸಣೆಗಳ ಕುರಿತ 17 ಪ್ರಯೋಗಗಳನ್ನು, ಎರಡೂವರೆ ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ಕಾಕ್ರೇನ್ ಸಂಸ್ಥೆ ಪರಿಶೀಲಿಸಿದಾಗ, ಅದರಿಂದ ಸಾವು ಕಡಿಮೆಯಾಗುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಲ್ಪ ಎಂದು ಕಂಡುಬಂತು. ಆ ಪ್ರಯೋಗಗಳು ನಡೆದದ್ದು ಹೊರದೇಶಗಳಲ್ಲಿ, ವೈದ್ಯರ ಬಳಿ ಹೇಗೂ ಹೋಗುತ್ತಿದ್ದ ಜನರ ನಡುವೆ. ಬಿಪಿಯನ್ನೇ ನೋಡಿಸದವರು ಲೆಕ್ಕವಿಲ್ಲದಷ್ಟಿರುವ ನಮ್ಮಲ್ಲಿ ಚಿತ್ರ ಬೇರೆ ಇರಬಹುದು ಎಂಬ ವಾದವನ್ನು ನಾವು ಒಪ್ಪುತ್ತೇವೆ. ಹಾಗಿದ್ದರೆ ಫಲಕದ ಮೇಲೆ ಬಿಪಿ ನೋಡಿಸಿ ಎಂದಿರಬೇಕಿತ್ತು.

ಕಾನೂನು ಇಲ್ಲ ಎಂದು ಯಾರೂ ಕೈಚೆಲ್ಲುವಂತಿಲ್ಲ. ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿಯ 6.1.1ನೇ ಕಲಮು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ರೋಗಿಗಳನ್ನು ಸೆಳೆಯುವುದು ಅನೈತಿಕ ಎನ್ನುತ್ತದೆ, ವೈದ್ಯರ ಜೊತೆಗೆ ಸಂಸ್ಥೆಗಳನ್ನೂ ಹೆಸರಿಸುತ್ತದೆ. ಆದರೆ ವೈದ್ಯಕೀಯ ಪರಿಷತ್ತಿನ ಕೈಗೆ ಸಿಗುವವರು ನೋಂದಾಯಿತ ವೈದ್ಯರು ಮಾತ್ರ, ಕಂಪನಿಯಾಗಿ ನಡೆಯುವ ಆಸ್ಪತ್ರೆ ಅದರ ಹಿಡಿತದಿಂದ ಜಾರಿಕೊಳ್ಳುತ್ತದೆ. ಆ ಕಿಂಡಿಯನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮುಚ್ಚಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹತ್ತು ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ ದಂಡ ಹಾಕಬಹುದು. 2022ರ ಮಾರ್ಗಸೂಚಿಗಳ ಪ್ರಕಾರ ಷರತ್ತಿನ ಒಕ್ಕಣೆ ಜಾಹೀರಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ, ಎದ್ದು ಕಾಣುವಂತೆ ಇರಬೇಕು. ಕನ್ನಡದಲ್ಲಿ ಭರವಸೆ ಕೊಟ್ಟು ಇಂಗ್ಲಿಷಿನಲ್ಲಿ ಷರತ್ತು ಬರೆದ ಪ್ರತಿ ಫಲಕವೂ ಮೇಲ್ನೋಟಕ್ಕೇ ಆ ನಿಯಮವನ್ನು ಮುರಿದಿದೆ. ಇಂಥ ದೂರನ್ನು ಜಿಲ್ಲಾಧಿಕಾರಿಗೆ ಕೊಡಬಹುದೆಂದು ಅದೇ ಕಾಯ್ದೆ ಹೇಳುತ್ತದೆ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳ ನೋಂದಣಿ ನೋಡುವ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರೂ ಜಿಲ್ಲಾಧಿಕಾರಿಯೇ. ಎರಡು ಅಧಿಕಾರವೂ ಒಂದೇ ಮೇಜಿನ ಮೇಲಿರುವಾಗ ಕಡತ ಅಲುಗದೆ ಇರುವುದಕ್ಕೆ ಸಬೂಬು ಇಲ್ಲ.

ಜಾಗ ಬಾಡಿಗೆಗೆ ಕೊಟ್ಟವರ ಹೊಣೆಯೂ ಕಡಿಮೆಯದಲ್ಲ. ಹೈಕೋರ್ಟಿನ ಕಟ್ಟುನಿಟ್ಟಿನ ನಂತರ 2018ರಲ್ಲಿ ಪಾಲಿಕೆ ನಗರದ ಹೋರ್ಡಿಂಗ್‌ಗಳನ್ನು ಕಿತ್ತುಹಾಕಿತು. ತಂಗುದಾಣದ ಫಲಕಗಳು ಉಳಿದವು, ಯಾಕೆಂದರೆ ಹಲವೆಡೆ ತಂಗುದಾಣ ಕಟ್ಟಿ ನೋಡಿಕೊಳ್ಳುವ ಗುತ್ತಿಗೆದಾರರಿಗೆ ಜಾಹೀರಾತಿನ ಹಕ್ಕೇ ಆದಾಯ. ಬಸ್ಸಿಗೆ ಕಾಯುವವರು ಆ ಫಲಕಕ್ಕೆ ಬೆನ್ನು ಹಾಕಿ ಹೋಗುವಂತಿಲ್ಲ. ಕಂಪನಿಯೇ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುವ ನೌಕರರು ಅಲ್ಲಿ ನಿಲ್ಲುವುದು ಕಡಿಮೆ. ನಿಲ್ಲುವವರು ಹೆಚ್ಚಾಗಿ ಮನೆಗೆಲಸದವರು, ಸೆಕ್ಯುರಿಟಿ ಕೆಲಸದವರು, ಕಾರ್ಖಾನೆಯವರು. ಅವರಲ್ಲಿ ಬಹಳ ಮಂದಿಗೆ ₹1,999 ಎಂದರೆ ಮೂರ್ನಾಲ್ಕು ದಿನದ ದುಡಿಮೆ. ಸಾರ್ವಜನಿಕ ಆಸ್ತಿಯ ಗೋಡೆಯಲ್ಲಿ ಅವರನ್ನು ಹೆದರಿಸಿ ಹಣ ಕೀಳಲು ಅವಕಾಶ ಕೊಟ್ಟ ಆಡಳಿತ, ನಮಗೆ ಬಾಡಿಗೆ ಮಾತ್ರ ಸಂಬಂಧ ಎಂದು ಹೇಳಿ ಪಾರಾಗಲಾಗದು.

ಮಾಡಬೇಕಾದ್ದು ಕಷ್ಟದ ಕೆಲಸವೇನಲ್ಲ. ತಂಗುದಾಣದ ಜಾಹೀರಾತು ಗುತ್ತಿಗೆಗೆ ಒಂದು ಕಲಮು ಸೇರಿಸಬೇಕು: ಆರೋಗ್ಯ ತಪಾಸಣೆಯ ಯಾವ ಫಲಕವೂ ಜಿಲ್ಲಾ ಆರೋಗ್ಯಾಧಿಕಾರಿಯ ಲಿಖಿತ ಒಪ್ಪಿಗೆ ಇಲ್ಲದೆ ಏರಕೂಡದು. ಪರೀಕ್ಷೆಗಳ ಸಂಖ್ಯೆ ಹಾಕುವುದಾದರೆ ರಿಪೋರ್ಟಿನ ಸಾಲುಗಳನ್ನಲ್ಲ, ವೈದ್ಯರ ಚೀಟಿಯ ಪರೀಕ್ಷೆಗಳನ್ನು ಎಣಿಸಬೇಕು. ತೊಂದರೆಯಿಲ್ಲದವರಿಗೆ ರಕ್ತದಲ್ಲಿ ಕ್ಯಾನ್ಸರ್ ಪತ್ತೆ ಎಂಬ ಸಾಲು ಪೂರ್ತಿ ನಿಷಿದ್ಧವಾಗಬೇಕು. ಅಡ್ಡಗೆರೆಯ ಬೆಲೆ ಹಾಕಿದವರು ಆ ಬೆಲೆಗೆ ಹಿಂದೆ ಮಾರಿದ ರಸೀದಿ ತೋರಿಸಬೇಕು. ಈಗಾಗಲೇ ಹಾಕಿರುವ ಫಲಕಗಳಿಗೆ ಜಿಲ್ಲಾಧಿಕಾರಿ ನೋಟಿಸು ಕೊಟ್ಟು ಹದಿನೈದು ದಿನದೊಳಗೆ ಇಳಿಸಲಿ. ತೆರವಾದ ಚೌಕಟ್ಟುಗಳಲ್ಲಿ ಪ್ರತಿ ತಂಗುದಾಣಕ್ಕೆ ಒಂದನ್ನಾದರೂ ಆರೋಗ್ಯ ಇಲಾಖೆಗೆ ಬಿಡಲಿ. ಅಲ್ಲಿ ಹತ್ತಿರದ ನಮ್ಮ ಕ್ಲಿನಿಕ್‌ನ ವಿಳಾಸ, ತೆರೆದಿರುವ ಸಮಯ, ಬಿಪಿ ಮತ್ತು ಶುಗರ್ ಉಚಿತವಾಗಿ ನೋಡುತ್ತಾರೆ ಎಂಬ ಮಾತು, ಹೊಗೆಸೊಪ್ಪು ಹಾಕುವವರು ಬಾಯಿ ತೋರಿಸಿ ಎಂಬ ಸೂಚನೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರಲಿ.